2AG, GMR, SCK: ಪಟ್ಟಿಯ ಕೋಡ್‌ಗಳನ್ನು ಪೂರ್ತಿ ಹೆಸರಿಗೆ ಬದಲಿಸುವುದು ಹೇಗೆ?

ಸಿಇಟಿ ಸೀಟು ಸಿಕ್ಕವರ ಪಟ್ಟಿಯನ್ನು ಪಿಡಿಎಫ್‌ನಿಂದ ಎಕ್ಸೆಲ್‌ಗೆ ತಂದರೆ ಒಂದು ಕಾಲಂ ತುಂಬ 2AG, 3BR, GMK, SCG ಎಂದೇ ಇರುತ್ತದೆ. ಕಾಲೇಜಿನ ಪಟ್ಟಿಯಾದರೆ ಪಕ್ಕದಲ್ಲಿ M, F ಎಂಬ ಒಂದೊಂದೇ ಅಕ್ಷರವೂ ಇರಬಹುದು. ಇದನ್ನು ದಿನಾ ನೋಡುವವರಿಗೆ ತೊಂದರೆಯಿಲ್ಲ. ಆದರೆ ವರದಿ ಓದುವ ಪೋಷಕರಿಗೆ ಅರ್ಥ ಆಗಬೇಕಲ್ವಾ? ಅದಕ್ಕೆ ಬೇಕಾದದ್ದು ಒಂದು ಸಣ್ಣ ಕೋಡ್ ಪಟ್ಟಿ ಮತ್ತು ಒಂದೆರಡು ಫಾರ್ಮುಲಾ.

ಮೊದಲು ಕೋಡ್ ಪಟ್ಟಿ ಮಾಡಿ

ಅದೇ ಫೈಲ್‌ನಲ್ಲಿ `codes` ಎಂಬ ಹೊಸ ಶೀಟ್ ತೆರೆಯಿರಿ. ಮೊದಲ ಕಾಲಂನಲ್ಲಿ ಕೋಡ್, ಎರಡನೆಯದರಲ್ಲಿ ಪ್ರವರ್ಗ, ಮೂರನೆಯದರಲ್ಲಿ ಕೋಟಾ. ಪ್ರವರ್ಗಗಳು ಎಂಟು: 1, 2ಎ, 2ಬಿ, 3ಎ, 3ಬಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಜನರಲ್ ಮೆರಿಟ್. ಪ್ರತಿಯೊಂದಕ್ಕೂ ಮೂರು ರೂಪ. ಕೊನೆಯಲ್ಲಿ G ಇದ್ದರೆ ಸಾಮಾನ್ಯ, K ಇದ್ದರೆ ಕನ್ನಡ ಮಾಧ್ಯಮ, R ಇದ್ದರೆ ಗ್ರಾಮೀಣ. ಒಟ್ಟು 24 ಸಾಲು. ಶೀಟಿನ ಮೊದಲ ಸಾಲು ತಲೆಬರಹಕ್ಕೆ ಇರಲಿ, ಕೋಡ್‌ಗಳು ಎರಡನೇ ಸಾಲಿನಿಂದ ಶುರುವಾಗಲಿ.

```
1G    ಪ್ರವರ್ಗ 1        ಸಾಮಾನ್ಯ
2AK   ಪ್ರವರ್ಗ 2ಎ       ಕನ್ನಡ ಮಾಧ್ಯಮ
SCR   ಪರಿಶಿಷ್ಟ ಜಾತಿ     ಗ್ರಾಮೀಣ
GM    ಜನರಲ್ ಮೆರಿಟ್     ಸಾಮಾನ್ಯ
```

ಕೊನೆಯ ಅಕ್ಷರವನ್ನು ಫಾರ್ಮುಲಾದಲ್ಲೇ ಕತ್ತರಿಸಿ ತೆಗೆದರೆ ಆಗಲ್ವಾ ಎಂದು ಅನ್ನಿಸಬಹುದು. ಆಗುವುದಿಲ್ಲ. ಜನರಲ್ ಮೆರಿಟ್‌ನ ಸಾಮಾನ್ಯ ಸೀಟಿಗೆ ಬರೀ GM ಎಂದಿರುತ್ತದೆ, ಕೊನೆಯಲ್ಲಿ G ಇರುವುದಿಲ್ಲ. ಕತ್ತರಿಸಿದರೆ G ಒಂದು ಕಡೆ, M ಒಂದು ಕಡೆ ಆಗುತ್ತದೆ. 24 ಸಾಲು ಕೈಯಲ್ಲೇ ಟೈಪ್ ಮಾಡುವುದು ವಾಸಿ. ಕಲ್ಯಾಣ ಕರ್ನಾಟಕದ 371ಜೆ ಸೀಟುಗಳೂ ಸೇರಿದ್ದರೆ ಅವುಗಳ ಕೋಡ್‌ಗಳನ್ನು ಆ ಪಟ್ಟಿಯಲ್ಲಿ ಹೇಗಿವೆಯೋ ಹಾಗೇ ಸೇರಿಸಿ, ಫಾರ್ಮುಲಾದಲ್ಲಿ ಸಾಲಿನ ಸಂಖ್ಯೆಯನ್ನೂ ಹೆಚ್ಚಿಸಿ.

ಹೆಸರು ಕೊಡುವಾಗ ಜೋಪಾನ

ಜಾಸ್ತಿ ಜನ ಎಡವುವುದು ಇಲ್ಲೇ. GM ಎಂಬುದಕ್ಕೆ ‘ಸಾಮಾನ್ಯ ವರ್ಗದವರು’ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಜನರಲ್ ಮೆರಿಟ್ ಸೀಟು ಎಲ್ಲರಿಗೂ ತೆರೆದಿರುತ್ತದೆ. 2ಎ ಪ್ರವರ್ಗದ ಹುಡುಗಿಗೆ ಒಳ್ಳೆಯ ರ‍್ಯಾಂಕ್ ಬಂದರೆ ಅವಳಿಗೆ GM ಸೀಟೇ ಸಿಗಬಹುದು. ಹಂಚಿಕೆ ಪಟ್ಟಿಯ ಕೋಡ್ ಹೇಳುವುದು ಸೀಟು ಯಾವ ಕೋಟಾದ್ದು ಎಂದು. ವಿದ್ಯಾರ್ಥಿ ಯಾವ ಪ್ರವರ್ಗದವರು ಎಂದಲ್ಲ. ಹಾಗಾಗಿ ಕಾಲಂನ ತಲೆಬರಹ ‘ಸೀಟು ಸಿಕ್ಕ ಪ್ರವರ್ಗ’ ಎಂದಿರಲಿ, ‘ವಿದ್ಯಾರ್ಥಿಯ ಪ್ರವರ್ಗ’ ಎಂದು ಬೇಡ. ಹೀಗೆ ಬರೆಯದಿದ್ದರೆ ‘ಈ ಕಾಲೇಜಿನಲ್ಲಿ 2ಎ ಮಕ್ಕಳು ಇಷ್ಟೇ ಜನ’ ಎಂಬ ಸುಳ್ಳು ಲೆಕ್ಕ ಹುಟ್ಟಿಕೊಳ್ಳುತ್ತದೆ. ಮೆರಿಟ್‌ನಲ್ಲಿ ಬಂದವರು ಲೆಕ್ಕದಿಂದಲೇ ಮಾಯವಾಗುತ್ತಾರೆ.

R ಕೂಡ ಹಾಗೆಯೇ. ಅದು ಈಗ ಹಳ್ಳಿಯಲ್ಲಿ ವಾಸ ಇರುವವರು ಎಂದಲ್ಲ, ಗ್ರಾಮೀಣ ಪ್ರದೇಶದ ಶಾಲೆಯಲ್ಲಿ 1ರಿಂದ 10ನೇ ತರಗತಿವರೆಗೆ ಓದಿದವರಿಗೆ ಇರುವ ಕೋಟಾ. ‘ಗ್ರಾಮೀಣ ಕೋಟಾ’ ಎಂದರೆ ಸಾಕು.

ಕೋಡ್ ಶುಚಿ ಮಾಡಿ

ಪಿಡಿಎಫ್‌ನಿಂದ ಬಂದ ಅಕ್ಷರಗಳ ಜೊತೆ ಕಣ್ಣಿಗೆ ಕಾಣದ ಖಾಲಿ ಜಾಗವೂ ಬಂದಿರುತ್ತದೆ. ನೋಡುವುದಕ್ಕೆ `2AG` ಎಂದೇ ಇರುತ್ತದೆ, ಆದರೆ ಎಕ್ಸೆಲ್‌ಗೆ ಅದು ಬೇರೆ. ಅದರಲ್ಲೂ ಒಂದು ಬಗೆಯ ಖಾಲಿ ಜಾಗ ಬರೀ TRIM ಹಾಕಿದರೆ ಹೋಗುವುದಿಲ್ಲ, ಅದರ ಸಂಖ್ಯೆ 160. ಮೂಲ ಕೋಡ್ C ಕಾಲಂನಲ್ಲಿದೆ ಎಂದುಕೊಳ್ಳಿ. ಅದನ್ನು ಮುಟ್ಟದೆ D ಕಾಲಂನಲ್ಲಿ ಹೀಗೆ ಬರೆಯಿರಿ:

```
=UPPER(SUBSTITUTE(SUBSTITUTE(CLEAN(C2),UNICHAR(160),"")," ",""))
```

ಕೋಡ್ ನಡುವೆ ಸಾಲು ಮುರಿದಿದ್ದರೆ CLEAN ಅದನ್ನು ಸರಿ ಮಾಡುತ್ತದೆ, ಎರಡೂ ಬಗೆಯ ಖಾಲಿ ಜಾಗವೂ ಹೋಗುತ್ತದೆ. C ಕಾಲಂ ಕೊನೆವರೆಗೂ ಹಾಗೇ ಇರಲಿ. ನಾಳೆ ಅನುಮಾನ ಬಂದರೆ ಪಿಡಿಎಫ್ ಜೊತೆ ಹೋಲಿಸಿ ನೋಡಲು ಅದೊಂದೇ ಆಧಾರ.

ಹೆಸರು ತರಿಸಿ

E ಕಾಲಂನಲ್ಲಿ:

```
=XLOOKUP(D2,codes!$A$2:$A$25,codes!$B$2:$B$25,"ಸಿಗಲಿಲ್ಲ: "&D2)
```

ಕೋಟಾದ ಹೆಸರು ಬೇಕಾದರೆ F ಕಾಲಂನಲ್ಲಿ ಇದನ್ನೇ ಹಾಕಿ, ಎರಡು ಕಡೆ ಇರುವ B ಅನ್ನು C ಮಾಡಿ. ಡಾಲರ್ ಗುರುತು ಬಿಡಬೇಡಿ. ಬಿಟ್ಟರೆ ಫಾರ್ಮುಲಾ ಕೆಳಗೆ ಎಳೆದಂತೆ ಕೋಡ್ ಪಟ್ಟಿಯೂ ಕೆಳಗೆ ಜಾರುತ್ತದೆ, ಮೇಲಿನ ಕೋಡ್‌ಗಳು ಸಿಗುವುದು ನಿಲ್ಲುತ್ತದೆ.

ಹಳೆಯ ಎಕ್ಸೆಲ್‌ನಲ್ಲಿ XLOOKUP ಇರುವುದಿಲ್ಲ. ಆಗ VLOOKUP ಬಳಸಿ, ಕೊನೆಯ FALSE ಮಾತ್ರ ಮರೆಯಬೇಡಿ:

```
=VLOOKUP(D2,codes!$A$2:$C$25,2,FALSE)
```

FALSE ಇಲ್ಲದಿದ್ದರೆ ಎಕ್ಸೆಲ್ ಹತ್ತಿರದ ಕೋಡ್ ಹುಡುಕಲು ಹೋಗುತ್ತದೆ. ಎರರ್ ತೋರಿಸದೆ ಸುಮ್ನೆ ಬೇರೆ ಪ್ರವರ್ಗದ ಹೆಸರು ಹಾಕಿಬಿಡುತ್ತದೆ. ಎರರ್ ಬಂದರೆ ಗೊತ್ತಾಗುತ್ತದೆ, ತಪ್ಪು ಹೆಸರು ಬಂದರೆ ಗೊತ್ತಾಗುವುದಿಲ್ಲ.

ಸಿಗದ ಕೋಡ್‌ಗಳನ್ನು ಓದಿ

E ಕಾಲಂನಲ್ಲಿ ಫಿಲ್ಟರ್ ಹಾಕಿ ‘ಸಿಗಲಿಲ್ಲ’ ಎಂದಿರುವ ಸಾಲುಗಳನ್ನು ನೋಡಿ. ಸ್ಕ್ಯಾನ್ ಮಾಡಿದ ಕಾಗದದಿಂದ ತೆಗೆದ ಪಟ್ಟಿಯಾದರೆ 28G, IG, 5TG, 6M ಎಂಬಂಥವು ಕಾಣುತ್ತವೆ. B ಎಂಬುದು 8 ಆಗಿದೆ, 1 ಎಂಬುದು I ಆಗಿದೆ, S ಎಂಬುದು 5, G ಎಂಬುದು 6. ಇವನ್ನು `codes` ಪಟ್ಟಿಗೆ ಸೇರಿಸಬೇಡಿ. `fixes` ಎಂದು ಬೇರೆ ಶೀಟ್ ಮಾಡಿ ‘28G ಎಂದಿದ್ದರೆ 2BG’ ಎಂದು ಬರೆದಿಟ್ಟು, ಆಮೇಲೆ ಹೆಸರು ಹುಡುಕಿಸಿ. ಸರಿಯಾದ ಕೋಡ್ ಯಾವುದು, ಯಂತ್ರ ತಪ್ಪಾಗಿ ಓದಿದ್ದು ಯಾವುದು ಎಂಬುದು ಬೇರೆ ಬೇರೆ ಇರಲಿ.

ಆದರೆ 2AG ಎಂಬುದನ್ನು 3AG ಎಂದು ಓದಿದ್ದರೆ ಯಾವ ಕೋಡ್ ಪಟ್ಟಿಯೂ ಹಿಡಿಯುವುದಿಲ್ಲ. ಎರಡೂ ಸರಿಯಾದ ಕೋಡ್‌ಗಳೇ. GMK ಮತ್ತು GMR ಕೂಡ ಹಾಗೇ. ಇದಕ್ಕೆ ಒಂದೇ ದಾರಿ: ಅಲ್ಲಲ್ಲಿ ಕೆಲವು ಸಾಲುಗಳನ್ನು ಆರಿಸಿ ಮೂಲ ಪುಟದ ಜೊತೆ ಹೋಲಿಸಿ. ಪಟ್ಟಿಯ ಕೊನೆಯಲ್ಲಿ ಪ್ರವರ್ಗವಾರು ಮೊತ್ತ ಅಚ್ಚಾಗಿದ್ದರೆ ನಿಮ್ಮ ಎಣಿಕೆಯನ್ನು ಅದರ ಜೊತೆ ಇಟ್ಟು ನೋಡಿ.

ಅಂಕಿಯೊಂದೇ ಇರುವ ಕೋಡ್ ಇನ್ನೊಂದು ಬಗೆಯ ಕಾಟ. ವಿದ್ಯಾರ್ಥಿ ಕೋರಿದ ಪ್ರವರ್ಗದ ಕಾಲಂನಲ್ಲಿ ಬರೀ `1` ಎಂದಿರಬಹುದು. ಮೇಲಿನ ಫಾರ್ಮುಲಾ ದಾಟಿ ಬಂದ 1 ಅಕ್ಷರದ ಲೆಕ್ಕ, ಕೋಡ್ ಪಟ್ಟಿಯಲ್ಲಿ ನೀವು ಟೈಪ್ ಮಾಡಿದ 1 ಸಂಖ್ಯೆಯ ಲೆಕ್ಕ. ಎರಡೂ ಹೊಂದುವುದಿಲ್ಲ. ಕೋಡ್ ಪಟ್ಟಿಯ ಆ ಕಾಲಂ ಅನ್ನು ಟೈಪ್ ಮಾಡುವ ಮೊದಲೇ ಟೆಕ್ಸ್ಟ್ ಮಾಡಿಕೊಂಡರೆ ಸರಿಹೋಗುತ್ತದೆ.

M, F ಕಾಲಂ

ಇದಕ್ಕೆ ಬೇರೆಯದೇ ಕೋಡ್ ಪಟ್ಟಿ ಮಾಡಿ: M ಪುರುಷ, F ಮಹಿಳೆ, T ಇದ್ದರೆ ತೃತೀಯ ಲಿಂಗಿ. ಖಾಲಿ ಇದ್ದರೆ ‘ನಮೂದಿಸಿಲ್ಲ’. ಹೆಸರು ನೋಡಿ ಊಹಿಸಿ ತುಂಬಬೇಡಿ, ಕಿರಣ ಎಂಬ ಹುಡುಗನೂ ಇದ್ದಾನೆ, ಹುಡುಗಿಯೂ ಇದ್ದಾಳೆ. ಕನ್ನಡದಲ್ಲಿ ಬರೆದ ಹಳೆಯ ಪಟ್ಟಿಗಳಲ್ಲಿ ‘ಪು, ಮ’ ಅಥವಾ ‘ಗಂ, ಹೆ’ ಎಂದಿರುತ್ತದೆ. ಟೈಪ್ ಮಾಡುವವರು ‘ಮ’ ನೋಡಿ M ಒತ್ತಿದ್ದರೆ ಮಹಿಳೆಯರೆಲ್ಲ ಪುರುಷರಾಗುತ್ತಾರೆ, ಕೋಡ್ ಪಟ್ಟಿಯಲ್ಲಿ M ಇರುವುದರಿಂದ ಎಲ್ಲೂ ‘ಸಿಗಲಿಲ್ಲ’ ಎಂದು ಬರುವುದಿಲ್ಲ. ಕನ್ನಡ ಪಟ್ಟಿಯನ್ನು ಕನ್ನಡ ಅಕ್ಷರದಲ್ಲೇ ತೆಗೆದು, ಕೋಡ್ ಪಟ್ಟಿಯಲ್ಲೂ ‘ಪು’, ‘ಮ’ ಎಂದೇ ಇಡಿ.

ಕೋಡ್ ಪಟ್ಟಿಯ ಮೇಲೆ ವರ್ಷ ಬರೆದಿಡಿ. ಪರಿಶಿಷ್ಟ ಜಾತಿಯ ಒಳಮೀಸಲಾತಿಗೆ ರಾಜ್ಯ ಸರ್ಕಾರ ಒಪ್ಪಿಗೆ ನೀಡಿದ್ದು 2025ರ ಆಗಸ್ಟ್‌ನಲ್ಲಿ. ಇಂಥ ತೀರ್ಮಾನಗಳು ಬಂದಾಗ ಕೋಡ್‌ಗಳೂ ಬದಲಾಗಬಹುದು. ಹೊಸ ವರ್ಷದ ಪಟ್ಟಿಗೆ ಹಳೆಯ `codes` ಶೀಟ್ ಅಂಟಿಸುವ ಮೊದಲು, ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿರುವ ಕೋಡ್‌ಗಳ ಜೊತೆ ಒಂದೊಂದೇ ಸಾಲು ಹೋಲಿಸಿ.