ಏಸಿ ಮಾರಲು ಎರಡು ಸಲ ಬರೆದ ಜಾಹೀರಾತು

ಕಳೆದ ಬೇಸಿಗೆಯಲ್ಲಿ ಮನೆ ಬದಲಿಸುವಾಗ, 2019ರ ಮಾರ್ಚಿನಲ್ಲಿ ಕೊಂಡಿದ್ದ ಸ್ಪ್ಲಿಟ್ ಏಸಿಯನ್ನು ಮಾರಲು ನಾನು ಮೊದಲು ಬರೆದದ್ದು ಇಷ್ಟೇ: "ಒಂದೂವರೆ ಟನ್, 5 ಸ್ಟಾರ್, ಒಳ್ಳೆಯ ಸ್ಥಿತಿಯಲ್ಲಿದೆ, ₹16,000." ಬಂದವರೊಬ್ಬರು ದರಕ್ಕೆ ಒಪ್ಪಿದರು. ಹೊರಡುವಾಗ, "ಬಿಚ್ಚಿಸಿ ನಮ್ಮ ಮನೆಯಲ್ಲಿ ಹಾಕಿಸಿಕೊಡೋದು ನಿಮ್ಮದೇ ತಾನೇ ಸರ್?" ಎಂದರು. ಅಲ್ಲವೆಂದಾಗ ವ್ಯಾಪಾರ ಮುರಿಯಿತು. ಅವರ ತಪ್ಪೇನಿರಲಿಲ್ಲ, ನಾನು ಅದನ್ನು ಬರೆದೇ ಇರಲಿಲ್ಲ.

ಎರಡನೆಯ ಸಲ ಬರೆಯುವ ಮೊದಲು ಔಟ್‌ಡೋರ್ ಯೂನಿಟ್ಟಿನ ತಗಡಿನ ಪಟ್ಟಿಯನ್ನು ಒರೆಸಿ ಓದಿದೆ. ತಯಾರಾದದ್ದು 2018ರ ಡಿಸೆಂಬರ್, ಗ್ಯಾಸ್ ಆರ್-32. ಬಿಲ್ಲಿನ ತಿಂಗಳನ್ನೂ ತಯಾರಿಕೆಯ ತಿಂಗಳನ್ನೂ ಎರಡನ್ನೂ ಹಾಕಿದೆ. ಸ್ಟಾರ್ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕಾಯಿತು. ನನ್ನ ಯಂತ್ರದ ಚೀಟಿಯಲ್ಲಿ ದಕ್ಷತೆಯ ಅಂಕ 4.6 ಇದೆ. ಅಂದಿನ ಲೆಕ್ಕದಲ್ಲಿ 4.5 ದಾಟಿದರೆ 5 ಸ್ಟಾರ್. ಆದರೆ 2022ರ ಜುಲೈಯಲ್ಲಿ ಬಂದ ಲೆಕ್ಕದಲ್ಲಿ ಅದಕ್ಕೆ 5.0 ಬೇಕಾಗಿತ್ತು. ಅಂಗಡಿಯ ಹೊಸ 5 ಸ್ಟಾರ್ ಯಂತ್ರದೊಡನೆ ಹೋಲಿಸುವವರಿಗೆ ಮೋಸವಾಗಬಾರದೆಂದು, "2019ರ 5 ಸ್ಟಾರ್, 2022ರ ಲೆಕ್ಕದಲ್ಲಿ 4" ಎಂದು ಬರೆದು ಚೀಟಿಯ ಫೋಟೋ ಹಾಕಿದೆ.

ಗ್ಯಾಸಿನ ಬಗೆಯನ್ನಷ್ಟೇ ಹೇಳಿದರೆ ಸಾಲದು, ಅದು ಪೂರ್ತಿ ಇದೆಯೇ ಎಂಬುದೇ ಕೊಳ್ಳುವವರ ನಿಜವಾದ ಪ್ರಶ್ನೆ. ಅರ್ಧ ಗಂಟೆ ಓಡಿಸಿ ನೋಡಿದೆ: ಔಟ್‌ಡೋರಿನ ದಪ್ಪ ಪೈಪಿನ ವಾಲ್ವ್ ಬೆವರಿತ್ತು, ತೆಳು ಪೈಪಿನ ವಾಲ್ವಿನ ಮೇಲೆ ಮಂಜು ಕಟ್ಟಿರಲಿಲ್ಲ. ತೆಳು ಪೈಪಿಗೆ ಬಿಳಿ ಮಂಜು ಹಿಡಿದರೆ ಸಾಮಾನ್ಯವಾಗಿ ಗ್ಯಾಸ್ ಕಡಿಮೆಯಾಗಿದೆಯೆಂದೇ ಅರ್ಥ. 2022ರಲ್ಲಿ ಒಂದು ಜಾಯಿಂಟ್ ಸೋರಿ ಗ್ಯಾಸ್ ತುಂಬಿಸಿದ್ದನ್ನೂ ಮುಚ್ಚಿಡಲಿಲ್ಲ.

ಉಳಿದದ್ದು ಅಳವಡಿಕೆ. ಜಗಳವೆಲ್ಲ ಹುಟ್ಟುವುದು ಇಲ್ಲೇ ಆದ್ದರಿಂದ ಜಾಹೀರಾತಿನ ಅರ್ಧ ಭಾಗವನ್ನು ಇದಕ್ಕೇ ಕೊಟ್ಟೆ:

"ಬಿಚ್ಚಿಸುವ ಖರ್ಚು ನನ್ನದು, ನಿಮ್ಮ ಎದುರಿಗೇ ಗ್ಯಾಸನ್ನು ಔಟ್‌ಡೋರಿಗೆ ಎಳೆದು ವಾಲ್ವ್ ಮುಚ್ಚಿಸುತ್ತೇನೆ. ಸಾಗಣೆ, ಕೂರಿಸುವುದು, ಪೈಪಿನೊಳಗಿನ ಗಾಳಿ ತೆಗೆಸಿ ವ್ಯಾಕ್ಯೂಮ್ ಮಾಡಿಸುವುದು ನಿಮ್ಮದು. ಸ್ಟ್ಯಾಂಡ್ ಮತ್ತು 3 ಮೀಟರ್ ತಾಮ್ರದ ಪೈಪ್ ಉಚಿತ. ಪೈಪ್ ಬಿಚ್ಚುವಾಗ ಮಡಚಿದರೆ ಬದಲಿ ಕೊಡುವುದಿಲ್ಲ."

ಗ್ಯಾಸ್ ಎಳೆಯುವುದೆಂದರೆ, ಏಸಿ ಕೂಲಿಂಗಿನಲ್ಲಿ ಓಡುತ್ತಿರುವಾಗ ಮೊದಲು ತೆಳು ಪೈಪಿನ ವಾಲ್ವನ್ನು ಅಲೆನ್ ಕೀಲಿಯಿಂದ ಮುಚ್ಚಿ, ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಯ ಹತ್ತಿರ ಇಳಿದಾಗ ದಪ್ಪ ಪೈಪಿನದನ್ನೂ ಮುಚ್ಚಿ, ತಕ್ಷಣ ಏಸಿ ಆರಿಸುವುದು. ಹಾಗೆ ಮಾಡದೆ ಸೀದಾ ನಟ್ಟು ತಿರುಗಿಸಿದರೆ ಗ್ಯಾಸೆಲ್ಲ ಹೊರಗೆ ಹೋಗಿ, ಹೊಸ ಮನೆಯಲ್ಲಿ ತುಂಬಿಸುವ ಖರ್ಚು ಕೊಂಡವರ ತಲೆಗೆ ಬೀಳುತ್ತದೆ.

ಎರಡನೆಯ ಜಾಹೀರಾತಿಗೆ ಫೋನುಗಳು ಕಡಿಮೆ ಬಂದವು. ಕೊಂಡವರು ತಮ್ಮದೇ ಮೆಕ್ಯಾನಿಕ್ಕನ್ನು ಕರೆತಂದು, ಆತ ವಾಲ್ವ್ ಮುಟ್ಟಿ ನೋಡಿದ ಮೇಲೆ ₹15,000ಕ್ಕೆ ಒಪ್ಪಿದರು. ಸ್ಟ್ಯಾಂಡನ್ನು ಒಯ್ದರು. ಪೈಪು ಗೋಡೆಯ ತೂತಿನಿಂದ ಎಳೆಯುವಾಗ ಮಡಚಿಕೊಂಡಿತು, ಅದನ್ನು ಅವರು ಮಾತಿಲ್ಲದೆ ಅಲ್ಲೇ ಬಿಟ್ಟು ಹೋದರು.