4769 ಲಾಗ್‌ನಲ್ಲಿ ಕೆರ್ಬರೋಸ್ಟಿಂಗ್ ಹಿಡಿದದ್ದು: ನನ್ನ ಅನುಭವ

ಬೆಂಗಳೂರಿನ ಔಟರ್ ರಿಂಗ್ ರೋಡ್‌ನಲ್ಲಿರುವ ಒಂದು ಕಂಪನಿಯಲ್ಲಿ ಸೆಕ್ಯುರಿಟಿ ಲಾಗ್ ನೋಡುವುದು ನನ್ನ ಕೆಲಸ. ಸರ್ವಿಸ್ ಅಕೌಂಟ್‌ಗಳ ಪಾಸ್‌ವರ್ಡ್ ಒಡೆಯುವ ಕೆರ್ಬರೋಸ್ಟಿಂಗ್ ದಾಳಿಯನ್ನು ಹಿಡಿಯೋಕೆ ನಮ್ಮಲ್ಲಿ ಮೊದಲು ಒಂದೇ ಒಂದು ರೂಲ್ ಇತ್ತು. ಲಾಗಿನ್ ಮತ್ತು ಟಿಕೆಟ್‌ಗಳನ್ನು ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್‌ನಲ್ಲಿ, ಅಂದರೆ ಡಿಸಿಯಲ್ಲಿ, ಯಾರೋ ಸರ್ವಿಸ್ ಟಿಕೆಟ್ ಕೇಳಿದರು ಎಂದು ಹೇಳುವ 4769 ಈವೆಂಟ್ ಬಂದು, ಅದರ ಎನ್‌ಕ್ರಿಪ್ಷನ್ ಟೈಪ್ 0x17 ಇದ್ದರೆ ಅಲರ್ಟ್. 0x17 ಅಂದರೆ ಆರ್‌ಸಿ4 ಎಂಬ ಹಳೇ ಎನ್‌ಕ್ರಿಪ್ಷನ್. ದಿನಾ ರಾಶಿ ರಾಶಿ ಅಲರ್ಟ್ ಬರುತ್ತಿದ್ದವು. ಯಾರೂ ತೆರೆದು ನೋಡುತ್ತಿರಲಿಲ್ಲ.

ದಾಳಿ ನಡೆಯುವ ರೀತಿ ತಿಳಿದರೆ ಆ ರೂಲ್ ಯಾಕೆ ಸಾಲದು ಅಂತ ಗೊತ್ತಾಗುತ್ತದೆ. ಡೊಮೇನ್‌ನಲ್ಲಿರುವ ಯಾವ ಸಾಮಾನ್ಯ ಯೂಸರ್ ಬೇಕಾದರೂ, ಎಸ್‌ಪಿಎನ್, ಅಂದರೆ ಸರ್ವಿಸ್ ಯಾವುದು, ಯಾವ ಸರ್ವರ್‌ನಲ್ಲಿದೆ ಎಂದು ಹೇಳುವ ಹೆಸರು, ಇರುವ ಯಾವ ಸರ್ವಿಸ್ ಅಕೌಂಟ್‌ಗಾದರೂ ಟಿಕೆಟ್ ಕೇಳಬಹುದು. ಆ ಸರ್ವಿಸ್ ಬಳಸಲು ಅವನಿಗೆ ಅನುಮತಿ ಇದೆಯಾ ಅಂತ ಡಿಸಿ ನೋಡುವುದಿಲ್ಲ. ಅದನ್ನು ನೋಡುವುದು ಸರ್ವಿಸ್‌ನ ಕೆಲಸ. ಟಿಕೆಟ್‌ನ ಒಂದು ಭಾಗಕ್ಕೆ ಸರ್ವಿಸ್ ಅಕೌಂಟ್‌ನ ಪಾಸ್‌ವರ್ಡ್‌ನಿಂದ ಹುಟ್ಟಿದ ಕೀಲಿಯ ಬೀಗ ಬಿದ್ದಿರುತ್ತದೆ. ದಾಳಿಕೋರ ಆ ಟಿಕೆಟ್ಟನ್ನು ತನ್ನ ಮಷೀನ್‌ಗೆ ಒಯ್ದು, ಅಲ್ಲಿ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾನೆ. 2014ರಲ್ಲಿ ಟಿಮ್ ಮೆಡಿನ್ ಈ ದಾಳಿಯನ್ನು ತೋರಿಸಿಕೊಟ್ಟರು. ಪಾಸ್‌ವರ್ಡ್ ಒಡೆಯುವ ಕೆಲಸ ನಮ್ಮ ನೆಟ್‌ವರ್ಕ್‌ನ ಹೊರಗೆ ನಡೆಯುವುದರಿಂದ ನಮಗೆ ಒಂದೂ ಫೇಲ್ ಆದ ಲಾಗಿನ್ ಕಾಣುವುದಿಲ್ಲ. ನಮ್ಮ ಕಣ್ಣಿಗೆ ಬೀಳುವುದು ಟಿಕೆಟ್ ಕೇಳಿದ ಆ ಕ್ಷಣ ಮಾತ್ರ.

ಆರ್‌ಸಿ4 ಟಿಕೆಟ್ ಒಡೆಯುವುದು ಎಇಎಸ್‌ಗಿಂತ ಎಷ್ಟೋ ಬೇಗ. ಅದಕ್ಕೇ ದಾಳಿಯ ಟೂಲ್‌ಗಳು ಆರ್‌ಸಿ4 ಟಿಕೆಟ್ಟನ್ನೇ ಕೇಳುತ್ತವೆ. ಆದರೆ ನಮ್ಮ ಹಳೇ ಸರ್ವಿಸ್ ಅಕೌಂಟ್‌ಗಳಲ್ಲಿ ಎಷ್ಟೋ ಕಡೆ ಎಇಎಸ್ ಆನ್ ಮಾಡೇ ಇರಲಿಲ್ಲ. ಅವುಗಳಿಗೆ ಯಾರು ಟಿಕೆಟ್ ಕೇಳಿದರೂ ಬರುತ್ತಿದ್ದದ್ದು 0x17. ಅಕೌಂಟ್ಸ್ ವಿಭಾಗದವರು ಬೆಳಿಗ್ಗೆ ರಿಪೋರ್ಟ್ ತೆರೆದರೂ ಅಲರ್ಟ್.

ಹಾಗಾಗಿ ಟೈಪ್ ಬಿಟ್ಟು ಎಣಿಕೆ ಹಿಡಿದೆ. ಸರ್ವಿಸ್ ಟಿಕೆಟ್‌ನ ಡಿಫಾಲ್ಟ್ ಆಯಸ್ಸು 10 ಗಂಟೆ. ಒಮ್ಮೆ ಪಡೆದ ಟಿಕೆಟ್ಟನ್ನು ವಿಂಡೋಸ್ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ, ಅದೇ ಸರ್ವಿಸ್‌ಗೆ ಪದೇ ಪದೇ ಕೇಳುವುದಿಲ್ಲ. ಆದ್ದರಿಂದ ಕೂತು ಕೆಲಸ ಮಾಡುವ ಮನುಷ್ಯ ಹತ್ತು ನಿಮಿಷದಲ್ಲಿ ಬೇರೆ ಬೇರೆ ಸರ್ವಿಸ್ ಅಕೌಂಟ್‌ಗಳಿಗೆ ಟಿಕೆಟ್ ಕೇಳುವುದು ತುಂಬಾ ಕಡಿಮೆ. ನಮ್ಮ ಹಳೇ ಲಾಗ್ ತೆಗೆದು ನೋಡಿದರೆ ಹೆಚ್ಚಿನವರು ಎರಡು, ಮೂರು ದಾಟುತ್ತಿರಲಿಲ್ಲ. ಅದನ್ನು ನೋಡಿ ಆರಕ್ಕೆ ಗೆರೆ ಎಳೆದೆ. ಲಾಗ್ ಹುಡುಕುವ ಟೂಲ್ ಸ್ಪ್ಲಂಕ್‌ನಲ್ಲಿ ಬರೆದದ್ದು ಇಷ್ಟೇ:

```
index=wineventlog EventCode=4769 Status=0x0 NOT ServiceName="*$" NOT ServiceName=krbtgt
| bin _time span=10m
| stats dc(ServiceName) as svc, values(ServiceName), values(TicketEncryptionType) by _time, TargetUserName, IpAddress
| where svc >= 6
```

ಕೊನೆಯಲ್ಲಿ ಡಾಲರ್ ಗುರುತಿರುವ ಹೆಸರುಗಳನ್ನು ಬೇಕಂತಲೇ ಬಿಟ್ಟಿದ್ದೇನೆ. ಅವು ಕಂಪ್ಯೂಟರ್ ಅಕೌಂಟ್‌ಗಳು ಮತ್ತು ಜಿಎಂಎಸ್‌ಎ ಅಕೌಂಟ್‌ಗಳು. ಅವುಗಳ ಪಾಸ್‌ವರ್ಡ್ ತುಂಬಾ ಉದ್ದ, ವಿಂಡೋಸೇ ಇಟ್ಟದ್ದು. ಒಡೆಯುವ ಮಾತೇ ಇಲ್ಲ. ಇನ್ನೊಂದು ಮಾತು. ಪ್ರತಿ ಡಿಸಿ ತನ್ನ ಹತ್ತಿರ ಬಂದ ಕೋರಿಕೆಯನ್ನು ಮಾತ್ರ ಬರೆದುಕೊಳ್ಳುತ್ತದೆ. ಎಲ್ಲಾ ಡಿಸಿಗಳಲ್ಲೂ Audit Kerberos Service Ticket Operations ಆನ್ ಇರಬೇಕು, ಎಲ್ಲದರ ಲಾಗೂ ಒಂದೇ ಕಡೆ ಬರಬೇಕು. ಒಂದು ಡಿಸಿ ತಪ್ಪಿಹೋದರೂ ಎಣಿಕೆ ಸುಳ್ಳಾಗುತ್ತದೆ.

ರೂಲ್ ಓಡಿಸಿದಾಗ ಮೊದಲು ಸಿಕ್ಕಿದ್ದು ನಮ್ಮದೇ ವಲ್ನರಬಿಲಿಟಿ ಸ್ಕ್ಯಾನರ್‌ನ ಅಕೌಂಟ್. ದಿನಾ ರಾತ್ರಿ ಅದೇ ಹೊತ್ತಿಗೆ, ಅದೇ ಐಪಿಯಿಂದ, ಅದೇ ಸರ್ವಿಸ್‌ಗಳ ಪಟ್ಟಿ. ಅದನ್ನು ಹೊರಗಿಟ್ಟೆ. ಆದರೆ ಹೆಸರಿನ ಮೇಲೆ ಮಾತ್ರ ಹೊರಗಿಡಲಿಲ್ಲ, ಹೆಸರು ಮತ್ತು ಐಪಿ ಎರಡೂ ಕೂಡಿದರೆ ಮಾತ್ರ. ಸ್ಕ್ಯಾನರ್ ಅಕೌಂಟನ್ನೇ ಕದ್ದು ಬೇರೆ ಮಷೀನ್‌ನಿಂದ ಬಳಸಿದರೆ ಕಾಣಬೇಕಲ್ವಾ?

ನಿಜವಾದದ್ದು ಒಂದು ಮಂಗಳವಾರ ಬೆಳಿಗ್ಗೆ 11:40ಕ್ಕೆ ಬಂತು. ಪೇರೋಲ್ ನೋಡುವ ಒಬ್ಬ ಮೇಡಂ ಅಕೌಂಟ್. ನಾಲ್ಕು ಸೆಕೆಂಡಿನೊಳಗೆ 14 ಸರ್ವಿಸ್ ಅಕೌಂಟ್‌ಗಳಿಗೆ ಟಿಕೆಟ್. ಎಲ್ಲವೂ 0x17. ಆ ಪಟ್ಟಿಯಲ್ಲಿ ಎಸ್‌ಕ್ಯೂಎಲ್ ಇತ್ತು, ಬ್ಯಾಕಪ್ ಇತ್ತು, ಎರಡು ವರ್ಷದ ಹಿಂದೆ ನಿಲ್ಲಿಸಿದ ಒಂದು ಅಪ್ಲಿಕೇಶನ್ನಿನ ಅಕೌಂಟೂ ಇತ್ತು. ಪೇರೋಲ್‌ನವರಿಗೆ ಬ್ಯಾಕಪ್ ಸರ್ವಿಸ್ ಯಾಕೆ ಬೇಕು?

ಪಟ್ಟಿಯಲ್ಲಿದ್ದ ಒಂದು ಎಸ್‌ಕ್ಯೂಎಲ್ ಅಕೌಂಟ್‌ನಲ್ಲಿ ಎಇಎಸ್ ಆನ್ ಇತ್ತು. ಅದೇ ಅಕೌಂಟ್‌ಗೆ ಅದೇ ದಿನ ಬೇರೆಯವರು ಪಡೆದ ಟಿಕೆಟ್‌ಗಳೆಲ್ಲ 0x12, ಅಂದರೆ ಎಇಎಸ್-256. ಈ ಲ್ಯಾಪ್‌ಟಾಪ್‌ಗೆ ಮಾತ್ರ 0x17. ಅಲ್ಲಿಗೆ ಅದು ಬೇಕೆಂದೇ ಆರ್‌ಸಿ4 ಕೇಳಿದೆ ಅಂತಾಯಿತು. ನಮ್ಮ ಡಿಸಿಗಳು ಸರ್ವರ್ 2016 ಆದ್ದರಿಂದ ಈ ಗುರುತು ಸಿಕ್ಕಿತು. 2019 ಅಥವಾ ಅದಕ್ಕಿಂತ ಹೊಸ ಡಿಸಿಗಳಲ್ಲಿ ಆರ್‌ಸಿ4 ಕೇಳಿದರೂ ಎಇಎಸ್ ಟಿಕೆಟ್ಟೇ ಬರಬಹುದು. ಇದೊಂದನ್ನೇ ನಂಬಿ ಕೂರಬೇಡಿ.

ನನಗೆ ಪೂರ್ತಿ ಖಾತ್ರಿಯಾದದ್ದು ಮುಂದಿನ ಹೆಜ್ಜೆಯಲ್ಲಿ. ಟಿಕೆಟ್ ಪಡೆದವರು ಸಾಮಾನ್ಯವಾಗಿ ಕೂಡಲೇ ಆ ಸರ್ವರ್‌ಗೆ ಹೋಗುತ್ತಾರೆ. ಆಗ ಆ ಸರ್ವರ್‌ನಲ್ಲಿ 4624 ಈವೆಂಟ್, ಲಾಗಿನ್ ಟೈಪ್ 3, ಅಂದರೆ ನೆಟ್‌ವರ್ಕ್ ಮೂಲಕ ಆದ ಲಾಗಿನ್ ಬೀಳುತ್ತದೆ. 14 ಅಕೌಂಟ್‌ಗಳು ಓಡುವ ಸರ್ವರ್‌ಗಳನ್ನು ಎಸ್‌ಪಿಎನ್ ನೋಡಿ ಗುರುತಿಸಿದೆ, ಒಂದೊಂದರ ಲಾಗನ್ನೂ ತೆರೆದೆ. ಆ ಮೇಡಂ ಹೆಸರಿನಲ್ಲಿ ಒಂದೂ ಲಾಗಿನ್ ಇಲ್ಲ. ಮೆಜೆಸ್ಟಿಕ್‌ನಲ್ಲಿ ನಿಂತು ಹದಿನಾಲ್ಕು ಊರಿಗೆ ಟಿಕೆಟ್ ತಗೊಂಡು ಒಂದು ಬಸ್ಸನ್ನೂ ಹತ್ತದವರಿಗೆ ಬೇಕಾಗಿರುವುದು ಟಿಕೆಟ್ ಮಾತ್ರ. ಸ್ಕ್ಯಾನರ್ ವಿಷಯದಲ್ಲಿ ಹಾಗಿರಲಿಲ್ಲ. ಅದು ಟಿಕೆಟ್ ಪಡೆದ ಕಡೆಗೆಲ್ಲ ನಿಜವಾಗಿ ಲಾಗಿನ್ ಆಗಿತ್ತು.

ಮೇಡಂಗೆ ಫೋನ್ ಮಾಡಿದೆ. "ಬೆಳಿಗ್ಗೆ ಕೊರಿಯರ್‌ನವರದ್ದು ಅಂತ ಒಂದು ಮೇಲ್ ಬಂದಿತ್ತು, ಫೈಲ್ ತೆಗೆದೆ, ಏನೂ ಕಾಣಲಿಲ್ಲ ಸರ್" ಅಂದರು. "ಪರವಾಗಿಲ್ಲ ಮೇಡಂ, ಲ್ಯಾಪ್‌ಟಾಪ್ ಆಫ್ ಮಾಡಬೇಡಿ, ನಾವೇ ನೆಟ್‌ವರ್ಕ್‌ನಿಂದ ತೆಗೀತೀವಿ" ಅಂದೆ. ಆಫ್ ಮಾಡಿದರೆ ಮೆಮೊರಿಯಲ್ಲಿದ್ದ ಸಾಕ್ಷಿ ಹೋಗುತ್ತದೆ. ಕೊನೆಗೆ ಅಲ್ಲಿ ಒಂದು ಪವರ್‌ಶೆಲ್ ಸ್ಕ್ರಿಪ್ಟ್ ಓಡುತ್ತಿದ್ದದ್ದು ಸಿಕ್ಕಿತು.

ಆದರೆ ಲ್ಯಾಪ್‌ಟಾಪ್ ತೆಗೆದರೆ ಕೆಲಸ ಮುಗಿಯಲಿಲ್ಲ. ಟಿಕೆಟ್‌ಗಳು ಆಗಲೇ ಹೊರಗೆ ಹೋಗಿರಬಹುದು, ಎಲ್ಲೋ ಒಡೆಯುತ್ತಿರಬಹುದು. ಇಲ್ಲಿ 4769ರ ಪಟ್ಟಿಯೇ ದಾರಿ ತೋರಿಸಿತು. ಅದರಲ್ಲಿರುವ 14 ಅಕೌಂಟ್‌ಗಳ ಪಾಸ್‌ವರ್ಡ್ ಬದಲಿಸಬೇಕು, ಅಷ್ಟೇ. ಯಾವುದು ಮೊದಲು? ಆಕ್ಟಿವ್ ಡೈರೆಕ್ಟರಿ ನೋಡಿಕೊಳ್ಳುವ ಹಿರಿಯರ ಜೊತೆ ಕೂತು ಪ್ರತಿಯೊಂದರ pwdLastSet, ಅಂದರೆ ಪಾಸ್‌ವರ್ಡ್ ಕೊನೆಯ ಸಲ ಬದಲಾದ ದಿನ ನೋಡಿದೆವು. ಬ್ಯಾಕಪ್ ಅಕೌಂಟ್ ಡೊಮೇನ್ ಅಡ್ಮಿನ್ಸ್ ಗುಂಪಿನಲ್ಲಿತ್ತು, ಅದರ ಪಾಸ್‌ವರ್ಡ್ 2015ರದ್ದು. ಅದನ್ನೇ ಮೊದಲು ಬದಲಿಸಿದೆವು. ಅವತ್ತು ರಾತ್ರಿ ಬ್ಯಾಕಪ್ ಓಡಲಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡಿದ್ದೆವು. ನಿಲ್ಲಿಸಿದ ಅಪ್ಲಿಕೇಶನ್ನಿನ ಅಕೌಂಟನ್ನು ಡಿಸೇಬಲ್ ಮಾಡಿದೆವು. ಆಮೇಲೆ ಸಾಧ್ಯವಾದವನ್ನೆಲ್ಲ ಜಿಎಂಎಸ್‌ಎಗೆ ಸಾಗಿಸಿದೆವು.

ಈ ಎಣಿಕೆ ರೂಲ್‌ಗೆ ಸಿಗದ ದಾಳಿಯೂ ಇದೆ. ಗಂಟೆಗೊಂದು, ದಿನಕ್ಕೊಂದು ಅಂತ ನಿಧಾನಕ್ಕೆ ಟಿಕೆಟ್ ಕೇಳುವವನು ಹತ್ತು ನಿಮಿಷದ ಕಿಟಕಿಯಲ್ಲಿ ಕಾಣುವುದೇ ಇಲ್ಲ. ಕಿಟಕಿಯನ್ನು ಒಂದು ವಾರಕ್ಕೆ ಹಿಗ್ಗಿಸಿ ನೋಡಿದೆ. ಐಟಿಯವರೇ ಜಾಸ್ತಿ ಬಂದರು. ಅದಕ್ಕೆ ಒಂದು ಹುಸಿ ಅಕೌಂಟ್ ಮಾಡಿದೆವು. ಹಳೇ ಎಸ್‌ಕ್ಯೂಎಲ್ ಸರ್ವಿಸ್‌ನ ಹಾಗೆ ಕಾಣುವ ಹೆಸರು, ಒಂದು MSSQLSvc ಎಸ್‌ಪಿಎನ್, ಯಾರೂ ಊಹಿಸಲಾರದ ಉದ್ದ ಪಾಸ್‌ವರ್ಡ್. ಆ ಹೆಸರಿನಲ್ಲಿ ಯಾವ ಸರ್ವಿಸೂ ಓಡುವುದಿಲ್ಲ, ಹಾಗಾಗಿ ಅದಕ್ಕೆ ಟಿಕೆಟ್ ಕೇಳಲು ಯಾರಿಗೂ ಕಾರಣವೇ ಇಲ್ಲ. ಅದಕ್ಕೆ ಒಂದೇ ಒಂದು 4769 ಬಿದ್ದರೂ, ಎನ್‌ಕ್ರಿಪ್ಷನ್ ಯಾವುದೇ ಇರಲಿ, ರಾತ್ರಿ ಎರಡು ಗಂಟೆಯಾದರೂ ಶಿಫ್ಟ್‌ನಲ್ಲಿರುವವರ ಫೋನ್ ಹೊಡೆದುಕೊಳ್ಳುತ್ತದೆ. ಅವರು ಮೊದಲು ಮಾಡುವುದು, ಅದೇ ಯೂಸರ್ ಕಳೆದ 30 ದಿನದಲ್ಲಿ ಇನ್ನು ಯಾವ ಸರ್ವಿಸ್‌ಗಳಿಗೆ ಟಿಕೆಟ್ ಕೇಳಿದ್ದಾರೆ ಅಂತ ಪಟ್ಟಿ ತೆಗೆಯುವುದು.