ಹೆಣ ಸೂರಿಗೆ ಹಾರದಂತೆ ಬೀಳಿಸುವುದು ಹೇಗೆ

ಆ್ಯಕ್ಷನ್ ಆಟದಲ್ಲಿ ಮೆಟ್ಟಿಲಿಳಿದು ಓಡುತ್ತಿದ್ದ ಎದುರಾಳಿಗೆ ಗುಂಡು ತಾಗುತ್ತದೆ. ಅವನು ಮುಗ್ಗರಿಸಿ ಉರುಳಬೇಕು. ಅದರ ಬದಲು ಹೆಣ ಒಮ್ಮೆ ಸೆಟೆದು, ಗಡಗಡ ನಡುಗಿ, ಸೂರಿಗೆ ಚಿಮ್ಮುತ್ತದೆ. ಹೊಸದಾಗಿ ಆಟ ಕಟ್ಟುವವರು ನನಗೆ ತೋರಿಸುವ ಡೆಮೊಗಳಲ್ಲಿ ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ! ಎಲ್ಲರೂ ಬೈಯುವುದು ಬೀಳುವ, ಡಿಕ್ಕಿ ಹೊಡೆಯುವ ಲೆಕ್ಕ ಹಾಕುವ ಫಿಸಿಕ್ಸ್ ಎಂಜಿನ್ನನ್ನು. ಆದರೆ ಎಡವಟ್ಟಾಗುವುದು ಹೆಚ್ಚಾಗಿ ಒಂದೇ ಕಡೆ: ಅನಿಮೇಷನ್ ಕೈಬಿಟ್ಟ ದೇಹವನ್ನು ಫಿಸಿಕ್ಸ್ ಹಿಡಿದುಕೊಳ್ಳುವ ಆ ಒಂದೇ ಫ್ರೇಮಿನಲ್ಲಿ.

ಮೊದಲು ದೇಹ ಕಟ್ಟಿಕೊಳ್ಳಿ. ತಲೆ, ಎದೆ, ಸೊಂಟ, ತೋಳು-ಮುಂಗೈ ಎರಡೆರಡು, ತೊಡೆ-ಕಣಕಾಲು ಎರಡೆರಡು, ಒಟ್ಟು 11 ತುಂಡು ಸಾಕು. ಕೈಕಾಲುಗಳಿಗೆ ಕ್ಯಾಪ್ಸೂಲ್ ಆಕಾರವನ್ನೇ ಕೊಡಿ. ತೆರೆಯ ಮೇಲೆ ಕಾಣುವ ಪಾತ್ರದ ಮೈಯ ಮೆಶ್ಶನ್ನೇ ಡಿಕ್ಕಿಗೆ ಬಳಸುವ ಆಸೆ ಬೇಡವೇ ಬೇಡ. ಲೆಕ್ಕ ಭಾರವಾಗುತ್ತದೆ, ಕಣ್ಣಿಗೆ ಕಾಣುವ ಲಾಭವೇನೂ ಇಲ್ಲ. ಮೊಣಕೈ, ಮಂಡಿಗಳಿಗೆ ಬಾಗಿಲಿನ ತಿರುಗಣಿಯಂತೆ ಒಂದೇ ದಿಕ್ಕಿಗೆ ಮಡಚುವ ಕೀಲು ಹಾಕಿ, ಸುಮಾರು 130 ಡಿಗ್ರಿಗೆ ಮಿತಿ ಇಡಿ. ಭುಜಕ್ಕೂ ಸೊಂಟಕ್ಕೂ ಎಲ್ಲ ಕಡೆ ತಿರುಗುವ ಕೀಲು ಇರಲಿ. ಮಂಡಿಗೂ ಅದನ್ನೇ ಹಾಕಿದರೆ ಕಾಲು ಕೊಕ್ಕರೆಯ ಕಾಲಿನ ಹಾಗೆ ಹಿಂದುಮುಂದಾಗಿ ಮಡಚುತ್ತದೆ. ಪಕ್ಕಪಕ್ಕದ ತುಂಡುಗಳ ನಡುವಿನ ಡಿಕ್ಕಿಯನ್ನು ಆಫ್ ಮಾಡಿ. ಇಲ್ಲದಿದ್ದರೆ ತೊಡೆಯೂ ಕಣಕಾಲೂ ಮಂಡಿಯ ಹತ್ತಿರ ಸದಾ ಗುದ್ದಾಡುತ್ತಲೇ ಇರುತ್ತವೆ.

ತೂಕದ ವಿಷಯದಲ್ಲಿ ನಿಜ ಮನುಷ್ಯನ ಲೆಕ್ಕ ಹಿಡಿಯಬೇಡಿ. ಹಗುರ ಮುಂಗೈಗೆ ಭಾರದ ಎದೆ ಜೋತುಬಿದ್ದರೆ ಕೀಲು ರಬ್ಬರಿನಂತೆ ಹಿಗ್ಗುತ್ತದೆ. ಒಂದಕ್ಕೊಂದು ಅಂಟಿಕೊಂಡ ತುಂಡುಗಳ ತೂಕದಲ್ಲಿ ಹತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ ಬರದಂತೆ ನೋಡಿಕೊಂಡರೆ ಆಯಿತು.

ಹಿಗ್ಗುವುದು ಏಕೆ ಎಂದು ತಿಳಿಯಬೇಕಾದರೆ ಒಳಗಿನ ಲೆಕ್ಕ ನೋಡಬೇಕು. 2000ರಲ್ಲಿ ಬಂದ ಹಿಟ್‌ಮ್ಯಾನ್: ಕೋಡ್‌ನೇಮ್ 47 ಆಟದ ಹೆಣಗಳ ಹಿಂದಿದ್ದ ವಿಧಾನವನ್ನು ಆ ಆಟ ಕಟ್ಟಿದ ತಂಡದ ಥಾಮಸ್ ಜೇಕಬ್ಸನ್ 2001ರಲ್ಲಿ ವಿವರಿಸಿದರು. ಕಲಿಯುವವರಿಗೆ ಅದೇ ಸುಲಭ. ಅದರಲ್ಲಿ ದೇಹವೆಂದರೆ ಕೀಲುಗಳ ಜಾಗದಲ್ಲಿರುವ ಬಿಂದುಗಳು. ವೇಗವನ್ನು ಬೇರೆಯಾಗಿ ಬರೆದಿಡುವುದೇ ಇಲ್ಲ. ಬಿಂದು ಈಗ ಎಲ್ಲಿದೆ, ಲೆಕ್ಕದ ಹಿಂದಿನ ಹೆಜ್ಜೆಯಲ್ಲಿ ಎಲ್ಲಿತ್ತು ಎಂಬ ಎರಡೇ ಸಂಗತಿ ಸಾಕು. ಕೆಳಗೆ `pos` ಈಗಿನ ಜಾಗ, `old` ಹಿಂದಿನ ಜಾಗ, `acc` ವೇಗೋತ್ಕರ್ಷ, `dt` ಒಂದು ಹೆಜ್ಜೆಯ ಅವಧಿ.

```
temp = pos
pos = pos + (pos - old) + acc * dt * dt
old = temp
```

ಹೀಗೆ ಎಲ್ಲ ಬಿಂದುಗಳನ್ನೂ ಸರಿಸಿದ ಮೇಲೆ ಮೊಣಕೈಗೂ ಮಣಿಕಟ್ಟಿಗೂ ನಡುವೆ 25 ಸೆಂ.ಮೀ. ಇರಬೇಕಾದದ್ದು 31 ಆಗಿದೆ ಎಂದುಕೊಳ್ಳಿ. ಹೆಚ್ಚಾದ 6 ಸೆಂ.ಮೀ.ಯನ್ನು ಸಮನಾಗಿ ಹಂಚಿ, ಎರಡನ್ನೂ 3 ಸೆಂ.ಮೀ. ಒಳಕ್ಕೆ ಎಳೆಯುತ್ತೇವೆ. ಆದರೆ ಮೊಣಕೈ ಸರಿದಾಗ ಭುಜದ ಅಂತರ ಕೆಡುತ್ತದೆ. ಅದನ್ನು ಸರಿಮಾಡಿದರೆ ಇದು ಸ್ವಲ್ಪ ಕೆಡುತ್ತದೆ. ಹೀಗೆ ಸುತ್ತಿ ಸುತ್ತಿ ತಿದ್ದಿದಷ್ಟೂ ತಪ್ಪು ಕಿರಿದಾಗುತ್ತ ಹೋಗುತ್ತದೆ. ಸುತ್ತು ಕಡಿಮೆ ಮಾಡಿದರೆ ಉಳಿಯುವ ತಪ್ಪೇ ನಮ್ಮ ಕಣ್ಣಿಗೆ ಹಿಗ್ಗಿದ ತೋಳಾಗಿ ಕಾಣುವುದು.

ಇನ್ನು ಅನಿಮೇಷನ್ ದೇಹವನ್ನು ಕೈಬಿಡುವ ಆ ಫ್ರೇಮು. ಇಲ್ಲಿ ನಿಧಾನ.

ಬದುಕಿರುವಾಗ ಪಾತ್ರದ ಸುತ್ತ ಒಂದೇ ಒಂದು ದೊಡ್ಡ ಕ್ಯಾಪ್ಸೂಲ್ ಇರುತ್ತದೆ. ಗೋಡೆಗೆ ಬಡಿಯುವುದು, ನೆಲದ ಮೇಲೆ ನಿಲ್ಲುವುದು ಎಲ್ಲ ಅದರ ಕೆಲಸ. ಸತ್ತ ಕೂಡಲೇ ಅದನ್ನು ಆಫ್ ಮಾಡಬೇಕು. ಮರೆತರೆ ಹನ್ನೊಂದು ತುಂಡುಗಳೂ ಅದರ ಹೊಟ್ಟೆಯೊಳಗೆ ಸಿಕ್ಕಿಕೊಂಡ ಹಾಗೆ ಎಂಜಿನ್ನಿಗೆ ಕಂಡು, ಎಲ್ಲವನ್ನೂ ಒಮ್ಮೆಲೇ ಹೊರದಬ್ಬುತ್ತದೆ. ಹೆಣ ಸಿಡಿಯುವುದಕ್ಕೆ ನಾನು ಮೊದಲು ಹುಡುಕುವ ಕಾರಣ ಇದೇ.

ಎರಡನೆಯದು ಸ್ವಲ್ಪ ಮೋಸಗಾರ. ಆ ದೊಡ್ಡ ಕ್ಯಾಪ್ಸೂಲಿನಿಂದ ಆಚೆ ಚಾಚಿದ ಕೈ ಗೋಡೆಯೊಳಗೆ ತೂರಿದರೂ ಅನಿಮೇಷನ್ ನಡೆಯುವಾಗ ಕೇಳುವವರಿಲ್ಲ. ಸತ್ತ ಫ್ರೇಮಿನಲ್ಲಿ ಅದೇ ಕೈಗೆ ಫಿಸಿಕ್ಸ್ ಬರುತ್ತದೆ, ಕೈ 10 ಸೆಂ.ಮೀ. ಗೋಡೆಯೊಳಗಿದೆ ಎಂದು ಎಂಜಿನ್ನಿಗೆ ಆಗ ಗೊತ್ತಾಗುತ್ತದೆ. ಸೆಕೆಂಡಿಗೆ 60 ಹೆಜ್ಜೆ ಲೆಕ್ಕ ಹಾಕುವ ಎಂಜಿನ್ ಒಂದೇ ಹೆಜ್ಜೆಯಲ್ಲಿ ಅದನ್ನು ಹೊರಗೆ ತರಲು ಹೊರಟರೆ ಬೇಕಾಗುವ ವೇಗ 0.1 × 60, ಅಂದರೆ ಸೆಕೆಂಡಿಗೆ 6 ಮೀಟರ್. ಆ ಕೈ ಇಡೀ ಹೆಣವನ್ನು ಎಳೆದುಕೊಂಡು ಹೋಗುತ್ತದೆ. ಹೀಗೆ ಹೊರದಬ್ಬುವ ವೇಗಕ್ಕೆ ಮಿತಿ ಹಾಕುವುದು ಮದ್ದು. ಯೂನಿಟಿ ಎಂಜಿನ್ನಿನಲ್ಲಿ `maxDepenetrationVelocity` ಇರುವುದು ಇದಕ್ಕೇ. ನಾನು ಹೆಣಗಳಿಗೆ 1 ಅಥವಾ 2 ಇಡುತ್ತೇನೆ. ಕೈ ತೆಳು ಗೋಡೆಯ ಆಚೆಗೇ ಹೋಗಿದ್ದರೆ ಮಾತ್ರ ಈ ಮದ್ದು ಸಾಲದು. ಭುಜ ಈಚೆ, ಕೈ ಆಚೆ, ನಡುವೆ ಗೋಡೆ. ಕೀಲು ಎಳೆಯುತ್ತದೆ, ಗೋಡೆ ತಳ್ಳುತ್ತದೆ, ಹೆಣ ನಡುಗುತ್ತಲೇ ಇರುತ್ತದೆ. ಅಂಥ ಕಡೆ ಭುಜದಿಂದ ಕೈಗೆ ಒಂದು ಕಲ್ಪಿತ ಕಿರಣ ಹಾಯಿಸಿ ನೋಡಿ. ಅದು ಗೋಡೆಗೆ ತಾಗಿದರೆ ಫಿಸಿಕ್ಸ್ ಶುರುವಾಗುವ ಮುನ್ನವೇ ತೋಳನ್ನು ಮಡಚಿ ಈಚೆಗೆ ತನ್ನಿ.

ಮೂರನೆಯದು ವೇಗದ ಹಸ್ತಾಂತರ. ಓಡುತ್ತಿದ್ದವನ ಮುಂಗೈ ಕೊನೆಯ ಫ್ರೇಮಿನಲ್ಲಿ 8 ಸೆಂ.ಮೀ. ಸರಿದಿದ್ದರೆ ಅದರ ವೇಗ ಸೆಕೆಂಡಿಗೆ 4.8 ಮೀಟರ್. ಪ್ರತಿ ತುಂಡಿಗೂ ಹೀಗೆಯೇ ವೇಗ ತೆಗೆದು ಕೊಡಬೇಕು. ಕೊಡದಿದ್ದರೆ ಓಟ ಗಕ್ಕನೆ ನಿಂತು, ದೇಹ ದಾರ ಕಡಿದ ಬೊಂಬೆಯಂತೆ ಇದ್ದಲ್ಲೇ ಕುಸಿಯುತ್ತದೆ. ಕೆಲವರು ಈ ಕೊರತೆ ಮುಚ್ಚಲು ಗುಂಡಿನ ಬಲವನ್ನು ಹತ್ತು ಪಟ್ಟು ಏರಿಸುತ್ತಾರೆ. ಅದು ಅಡ್ಡದಾರಿ, ಬೇಡ. ಮೇಲಿನ ವಿಧಾನದಲ್ಲಾದರೆ `old` ಜಾಗವನ್ನು ಅನಿಮೇಷನ್ ನಡೆಯುವಾಗಲೂ ಪ್ರತಿ ಹೆಜ್ಜೆಗೆ ತುಂಬುತ್ತಿರಿ. ಆಟ ಶುರುವಾದ ಜಾಗವೇ ಅಲ್ಲಿ ಉಳಿದುಬಿಟ್ಟಿದ್ದರೆ, ಹೆಣ ಅಲ್ಲಿಂದ ಇಲ್ಲಿಗೆ ಒಂದೇ ಹೆಜ್ಜೆಯಲ್ಲಿ ಬಂದಿದೆ ಎಂದು ಲೆಕ್ಕ ತಿಳಿದು, ಅದೇ ವೇಗದಲ್ಲಿ ಅದನ್ನು ಮುಂದಕ್ಕೆ ಎಸೆಯುತ್ತದೆ.

ಬಿದ್ದ ಮೇಲೆ ಉಳಿಯುವ ತಲೆನೋವು ಎಂದರೆ ದೇಹದ ತುಂಡುಗಳು ಗೋಡೆ, ಹಲಗೆಗಳ ಮೂಲಕ ತೂರಿಹೋಗುವುದು. ಡಿಕ್ಕಿ ಪತ್ತೆ ಎರಡು ಸುತ್ತಿನ ಕೆಲಸ. ಎಂಜಿನ್ ಮೊದಲು ಪ್ರತಿ ವಸ್ತುವಿನ ಸುತ್ತ ಪೆಟ್ಟಿಗೆ ಕಲ್ಪಿಸಿ, ಪೆಟ್ಟಿಗೆಗಳೇ ತಾಗದ ಜೋಡಿಗಳನ್ನು ಕೈಬಿಡುತ್ತದೆ. ಉಳಿದ ಜೋಡಿಗಳ ನಿಜ ಆಕಾರಗಳನ್ನು ಆಮೇಲೆ ಹೋಲಿಸುತ್ತದೆ. ಆದರೆ ಎರಡನ್ನೂ ಆಯಾ ಹೆಜ್ಜೆಯ ಕೊನೆಗೆ ಮಾತ್ರ ನೋಡುತ್ತದೆ. ಸೆಕೆಂಡಿಗೆ 12 ಮೀಟರ್ ವೇಗದ ಮುಂಗೈ ಒಂದು ಹೆಜ್ಜೆಗೆ 20 ಸೆಂ.ಮೀ. ಸಾಗುತ್ತದೆ. ಮುಂಗೈ ದಪ್ಪ 8, ಹಲಗೆ ದಪ್ಪ 10, ಸೇರಿದರೆ 18. ಹಾಗಾಗಿ ಒಂದು ಹೆಜ್ಜೆಯಲ್ಲಿ ಪೂರ್ತಿ ಈಚೆ ಇದ್ದದ್ದು ಮುಂದಿನದರಲ್ಲಿ ಪೂರ್ತಿ ಆಚೆ ಇರಬಹುದು, ಡಿಕ್ಕಿ ದಾಖಲೇ ಆಗುವುದಿಲ್ಲ. ಸಾಗಿದ ದಾರಿಯುದ್ದಕ್ಕೂ ಪರೀಕ್ಷಿಸುವ ನಿರಂತರ ಡಿಕ್ಕಿ ಪತ್ತೆಯನ್ನು ಆನ್ ಮಾಡಬಹುದು, ಆದರೆ ಅದು ದುಬಾರಿ. ಎದೆ, ಸೊಂಟ, ತಲೆಗೆ ಮಾತ್ರ ಸಾಕು. ಎಲ್ಲಕ್ಕಿಂತ ಅಗ್ಗದ ದಾರಿ ಗೋಡೆಯನ್ನೇ ದಪ್ಪ ಮಾಡುವುದು. ಗುಂಡಿನ ಪ್ರಶ್ನೆ ಬೇರೆ. ಅದನ್ನು ಹಾರುವ ವಸ್ತುವಾಗಿಸದೆ ಕಿರಣವಾಗಿ ಹಾಯಿಸಿದರೆ ತೂರಿಹೋಗುವ ಮಾತೇ ಇಲ್ಲ.

ಇಷ್ಟಾದರೂ ಹೆಣ ಚಿಮ್ಮಿದರೆ, ಡಿಕ್ಕಿಯ ಆಕಾರಗಳು ತೆರೆಯ ಮೇಲೆ ಕಾಣುವಂತೆ ಮಾಡಿ, ಆಟವನ್ನು ಸತ್ತ ಫ್ರೇಮಿನಲ್ಲೇ ನಿಲ್ಲಿಸಿ, ಒಂದೊಂದೇ ಹೆಜ್ಜೆ ಮುಂದೂಡಿ. ಮೊದಲ ಹೆಜ್ಜೆಯಲ್ಲೇ ಹಾರಿದರೆ ಯಾವುದೋ ಎರಡು ಆಕಾರಗಳು ಒಂದರೊಳಗೊಂದು ಇದ್ದವು, ಇಲ್ಲವೇ ವೇಗ ತಪ್ಪಾಗಿ ಬಂತು. ನೆಲಕ್ಕೆ ಬಿದ್ದು ಸ್ವಲ್ಪ ಹೊತ್ತಾದ ಮೇಲೆ ನಡುಗಲು ಶುರುವಾದರೆ ಕೀಲಿನ ಮಿತಿ ಮತ್ತು ತೂಕ ನೋಡಿ.